60 ಪುಟದ ಕೈಪಿಡಿ, 2 ಪುಟದ ಸಾರಾಂಶ: ಹೊಸದಾಗಿ ಫ್ಯಾಕ್ಟರಿ ಸೇರಿದವರಿಗೆ ರಜೆ, ಹಾಜರಾತಿ, ನಡತೆ ನಿಯಮ ಬರೆದುಕೊಡುವುದು ಹೇಗೆ

ಪ್ಯಾಕಿಂಗ್ ವಿಭಾಗಕ್ಕೆ ಸೇರಿ ಐದು ವಾರ ಆಗಿದ್ದ ಒಬ್ಬ ಹುಡುಗನಿಗೆ ಒಂದು ಶನಿವಾರ ಜ್ವರ ಬಂತು. ಅದೇ ಪಾಳಿಯ ಗೆಳೆಯನಿಗೆ ಫೋನ್ ಮಾಡಿ "ಇವತ್ತು ಬರಲ್ಲ, ಹೇಳಿಬಿಡು" ಅಂದ. ಭಾನುವಾರ ವಾರದ ರಜೆ. ಸೋಮವಾರವೂ ಜ್ವರ ಇಳಿಯಲಿಲ್ಲ, ಮಲಗಿಯೇ ಇದ್ದ. ಮಂಗಳವಾರ ಮಾತ್ರೆಯ ಖಾಲಿ ಪಟ್ಟಿ ಜೇಬಲ್ಲಿಟ್ಟುಕೊಂಡು ಕೆಲಸಕ್ಕೆ ಬಂದ. ತಿಂಗಳ ಕೊನೆಗೆ ನೋಡಿದರೆ ಎರಡಲ್ಲ, ಮೂರು ದಿನದ ಸಂಬಳ ಹೋಗಿತ್ತು, ಜೊತೆಗೆ ಒಂದು ಎಚ್ಚರಿಕೆ ಪತ್ರ.

ಅವನ ಕೈಯಲ್ಲಿ ಒಂದು ಸಾರಾಂಶದ ಹಾಳೆ ಇತ್ತು. ಬರೆದವನು ನಾನೇ. ಅದರಲ್ಲಿ "ಹುಷಾರಿಲ್ಲದಿದ್ದರೆ ವರ್ಷಕ್ಕೆ 7 ದಿನ ಸಂಬಳ ಸಹಿತ ರಜೆ ಇದೆ" ಅಂತ ಇತ್ತು. ಅದು ಸುಳ್ಳಲ್ಲ, ಕೈಪಿಡಿಯ 14ನೇ ಪುಟದಲ್ಲಿ ಹಾಗೇ ಇದೆ. ಆದರೆ ಪಾಳಿ ಶುರುವಾಗುವ 2 ಗಂಟೆ ಮೊದಲು ಮೇಲ್ವಿಚಾರಕರಿಗೇ ತಿಳಿಸಬೇಕು, ತಿಳಿಸದಿದ್ದರೆ ಅದು ರಜೆ ಅಲ್ಲ, ಗೈರು ಅನ್ನೋದು 22ನೇ ಪುಟದಲ್ಲಿತ್ತು. ವಾರದ ರಜೆಯ ಹಿಂದಿನ ದಿನ, ಮುಂದಿನ ದಿನ ಎರಡೂ ಗೈರಾದರೆ ನಡುವಿನ ರಜೆಯೂ ಗೈರು ಅನ್ನೋದು ಅದೇ ಪುಟದ ಕೆಳಗೆ, ಚಿಕ್ಕ ಅಕ್ಷರದಲ್ಲಿ. ಮಾಹಿತಿ ಕೊಡದೆ ಗೈರಾಗುವುದು ದುರ್ನಡತೆ ಅನ್ನೋದು 31ನೇ ಪುಟದಲ್ಲಿ. ನಾನು ಮೂರು ಅಧ್ಯಾಯವನ್ನೂ ಓದಿದ್ದೆ, ಮೂರನ್ನೂ ಬೇರೆ ಬೇರೆಯಾಗಿ ಸಂಕ್ಷೇಪಿಸಿದ್ದೆ. ಜ್ವರ ಬಂದ ದಿನ ಮೂರೂ ಒಟ್ಟಿಗೆ ಬರುತ್ತವೆ ಅಂತ ನನಗೆ ಹೊಳೆದಿರಲಿಲ್ಲ.

ಆಮೇಲೆ ನಾನು ಸಾರಾಂಶ ಬರೆಯುವ ರೀತಿಯನ್ನೇ ಬದಲಾಯಿಸಿದೆ. ಆ ರೀತಿಯನ್ನು ಇಲ್ಲಿ ಹೇಳುತ್ತೇನೆ. ನೀವು ಸಿಬ್ಬಂದಿ ವಿಭಾಗದಲ್ಲಿದ್ದರೂ ಸರಿ, ಹೊಸಬರನ್ನು ನೋಡಿಕೊಳ್ಳುವ ಲೈನ್ ಲೀಡರ್ ಆಗಿದ್ದರೂ ಸರಿ, ಅಥವಾ ನೀವೇ ಹೊಸದಾಗಿ ಸೇರಿ ನಿಮಗಾಗಿ ಬರೆದುಕೊಳ್ಳುತ್ತಿದ್ದರೂ ಸರಿ, ಕೆಲಸ ಒಂದೇ. ಇಲ್ಲಿ ಬರುವ ದಿನ, ಗಂಟೆ, ನಿಮಿಷಗಳೆಲ್ಲ ನಾನು ಉದಾಹರಣೆಗೆ ತೆಗೆದುಕೊಂಡ ಆ ಒಂದು ಕೈಪಿಡಿಯವು. ನಿಮ್ಮ ಕೈಪಿಡಿಯಲ್ಲಿ ಬೇರೆ ಇರುತ್ತವೆ, ಅವನ್ನೇ ಹಾಕಿಕೊಳ್ಳಿ.

ಮೊದಲು: ಯಾವ ಕೈಪಿಡಿ, ಯಾರಿಗೆ

ಪೆನ್ನು ಹಿಡಿಯುವ ಮೊದಲು ಎರಡು ವಿಷಯ ಖಚಿತ ಮಾಡಿಕೊಳ್ಳಿ. ಒಂದು, ನಿಮ್ಮ ಕೈಯಲ್ಲಿರುವುದು ಈಗ ಜಾರಿಯಲ್ಲಿರುವ ಪ್ರತಿಯೇ ಅನ್ನೋದು. ಕೈಪಿಡಿ ಒಮ್ಮೆ ಅಚ್ಚಾದರೆ ವರ್ಷಗಟ್ಟಲೆ ಅದೇ ಓಡಾಡುತ್ತದೆ, ಬದಲಾವಣೆಗಳು ಮಾತ್ರ ಸುತ್ತೋಲೆಯಾಗಿ ನೋಟಿಸ್ ಬೋರ್ಡಿಗೆ ಬರುತ್ತವೆ. ಆಮೇಲೆ ಆ ಸುತ್ತೋಲೆ ಹರಿದುಹೋಗುತ್ತದೆ, ನಿಯಮ ಮಾತ್ರ ಉಳಿಯುತ್ತದೆ. ಅದಕ್ಕೇ ಹಾಜರಾತಿ ನೋಡಿಕೊಳ್ಳುವ ಟೈಮ್ ಆಫೀಸಿಗೆ ಹೋಗಿ, "ಈ ಪುಸ್ತಕ ಬಂದ ಮೇಲೆ ರಜೆ, ಪಂಚಿಂಗ್ ವಿಷಯದಲ್ಲಿ ಏನೇನು ಬದಲಾಯ್ತು?" ಅಂತ ಬಾಯಿಬಿಟ್ಟು ಕೇಳಿ. ಪ್ರತಿ ತಿಂಗಳು ಸಂಬಳಕ್ಕೆ ದಿನ ಲೆಕ್ಕ ಹಾಕುವವರು ಅವರೇ. ಪುಸ್ತಕದಲ್ಲಿರುವುದಕ್ಕೂ ನಡೆಯುತ್ತಿರುವುದಕ್ಕೂ ಎಲ್ಲಿ ವ್ಯತ್ಯಾಸ ಇದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಎರಡನೆಯದು, ಈ ಹಾಳೆ ಯಾರಿಗೆ ಅನ್ನೋದು. ಕಾಯಂ ನೌಕರ, ಪ್ರೊಬೇಷನ್‌ನಲ್ಲಿರುವವರು, ತರಬೇತಿಯವರು, ಗುತ್ತಿಗೆದಾರರ ಕಡೆಯಿಂದ ಬಂದವರು, ಎಲ್ಲರೂ ಒಂದೇ ಲೈನಿನಲ್ಲಿ ನಿಂತು ಒಂದೇ ಕೆಲಸ ಮಾಡುತ್ತಾರೆ, ಆದರೆ ಎಲ್ಲರಿಗೂ ರಜೆ ನಿಯಮ ಒಂದೇ ಇರುವುದಿಲ್ಲ. ಕೈಪಿಡಿಯ ಮೊದಲೆರಡು ಪುಟದಲ್ಲಿ "ಈ ನಿಯಮಗಳು ಯಾರಿಗೆ ಅನ್ವಯ" ಅನ್ನುವ ಪ್ಯಾರಾ ಇರುತ್ತದೆ, ಎಲ್ಲರೂ ಹಾರಿಸಿ ಮುಂದೆ ಹೋಗುವ ಪ್ಯಾರಾ ಅದು. ಅದನ್ನು ಓದಿ, ಸಾರಾಂಶದ ತಲೆಯ ಮೇಲೆ ಸ್ಪಷ್ಟವಾಗಿ ಬರೆಯಿರಿ: "ಪ್ರೊಬೇಷನ್‌ನಲ್ಲಿರುವ ಉತ್ಪಾದನಾ ವಿಭಾಗದವರಿಗೆ" ಅಂತ. ಗುತ್ತಿಗೆಯವರಿಗೆ ಬೇರೆ ಹಾಳೆಯೇ ಬೇಕು, ಯಾಕೆಂದರೆ ಅವರ ರಜೆ ಅರ್ಜಿ ಹೋಗುವ ಜಾಗವೇ ಬೇರೆ ಇರಬಹುದು. ಎಲ್ಲರನ್ನೂ ಒಂದೇ ಹಾಳೆಯಲ್ಲಿ ತುರುಕಿದರೆ ಯಾರಿಗೂ ಅರ್ಥವಾಗುವುದಿಲ್ಲ.

ಅಧ್ಯಾಯದ ಪ್ರಕಾರ ಅಲ್ಲ, ಸಂದರ್ಭದ ಪ್ರಕಾರ

ಕೈಪಿಡಿ ಬರೆಯುವವರು ವಿಷಯದ ಪ್ರಕಾರ ಜೋಡಿಸುತ್ತಾರೆ: ರಜೆ ಒಂದು ಕಡೆ, ಹಾಜರಾತಿ ಒಂದು ಕಡೆ, ನಡತೆ ಮತ್ತೊಂದು ಕಡೆ. ಆಡಳಿತಕ್ಕೆ ಅದು ಅನುಕೂಲ. ಆದರೆ ಕೆಲಸಗಾರನ ತಲೆಯಲ್ಲಿ ಪ್ರಶ್ನೆ ಬರುವುದು ಹಾಗಲ್ಲ. "ನಾಳೆ ಬರೋಕಾಗಲ್ಲ, ಏನು ಮಾಡಲಿ?" ಅಂತ ಬರುತ್ತದೆ. ಅದಕ್ಕೆ ಉತ್ತರ ಮೂರು ಅಧ್ಯಾಯದಲ್ಲಿ ಹರಿದು ಹಂಚಿಹೋಗಿರುತ್ತದೆ. ಆ ತುಂಡುಗಳನ್ನು ಒಂದು ಕಡೆ ಸೇರಿಸುವುದೇ ಸಾರಾಂಶದ ನಿಜವಾದ ಕೆಲಸ, ಉದ್ದವನ್ನು ಕಡಿಮೆ ಮಾಡುವುದು ಆಮೇಲಿನ ಮಾತು.

ನಾನು ಒಂದು ಹಾಳೆಯಲ್ಲಿ ಮೊದಲು ಏಳು ಸಂದರ್ಭ ಬರೆದುಕೊಳ್ಳುತ್ತೇನೆ. ಮೊದಲೇ ಗೊತ್ತಿರುವ ಕಾರಣಕ್ಕೆ ರಜೆ ಬೇಕು. ಇದ್ದಕ್ಕಿದ್ದ ಹಾಗೆ ಬರಲಾಗುತ್ತಿಲ್ಲ. ತಡವಾಯಿತು. ಪಂಚ್ ಮಾಡಲು ಮರೆತೆ ಅಥವಾ ಯಂತ್ರ ಬೆರಳು ಹಿಡಿಯಲಿಲ್ಲ. ಪಾಳಿಯ ನಡುವೆ ಹೊರಗೆ ಹೋಗಬೇಕು. ರಜೆ ಮುಗಿಯಿತು, ಆದರೆ ಇನ್ನೂ ಬರಲಾಗುತ್ತಿಲ್ಲ. ನನ್ನ ಮೇಲೆ ದೂರು ಬಂತು, ಅಥವಾ ನಾನೇ ದೂರು ಕೊಡಬೇಕು. ಹೊಸಬರ ಮೊದಲ ಆರು ತಿಂಗಳ ಗೊಂದಲದಲ್ಲಿ ಹೆಚ್ಚಿನವು ಈ ಏಳರಲ್ಲಿ ಒಂದಕ್ಕೆ ಬಂದು ಸೇರುತ್ತವೆ.

ಆಮೇಲೆ ಕೈಪಿಡಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾ ಪ್ರತಿ ನಿಯಮದ ಪಕ್ಕದಲ್ಲಿ ಅದು ಯಾವ ಸಂದರ್ಭಕ್ಕೆ ಸೇರುತ್ತದೋ ಆ ಸಂಖ್ಯೆ ಹಾಕಿ. ಒಂದೇ ನಿಯಮಕ್ಕೆ ಎರಡು ಮೂರು ಸಂಖ್ಯೆ ಬಿದ್ದರೆ ಬೀಳಲಿ, ಎಲ್ಲ ಕಡೆಯೂ ಬರೆಯಿರಿ. ಉದಾಹರಣೆಗೆ, ಗೆಳೆಯನ ಬದಲು ತಾನು ಪಂಚ್ ಮಾಡುವುದು. ನಾನು ನೋಡಿದ ಕೈಪಿಡಿಯಲ್ಲಿ ಇದು ಹಾಜರಾತಿ ಅಧ್ಯಾಯದಲ್ಲಿ ಇರಲೇ ಇಲ್ಲ. ನಡತೆ ಅಧ್ಯಾಯದಲ್ಲಿ "ಕಂಪನಿಯ ದಾಖಲೆಗಳನ್ನು ತಿರುಚುವುದು" ಅನ್ನುವ ಒಂದು ಸಾಲಿನೊಳಗೆ ಅಡಗಿತ್ತು, ಅದೂ ಗಂಭೀರ ತಪ್ಪುಗಳ ಪಟ್ಟಿಯಲ್ಲಿ, ಕಳ್ಳತನದ ಪಕ್ಕದಲ್ಲಿ. ಹತ್ತು ನಿಮಿಷ ತಡವಾದ ಗೆಳೆಯನಿಗೆ ಸಹಾಯ ಅಂತ ಕಾರ್ಡ್ ತಿಕ್ಕಿದ ಹೊಸ ಹುಡುಗನಿಗೆ ತಾನು ದಾಖಲೆ ತಿರುಚಿದೆ ಅಂತ ಹೇಗೆ ಗೊತ್ತಾಗಬೇಕು? ಗೆಳೆಯ ತಡವಾಗಿ ಬಂದರೆ ಹೆಚ್ಚೆಂದರೆ ಅರ್ಧ ದಿನ ಹೋಗುತ್ತದೆ, ಕಾರ್ಡ್ ತಿಕ್ಕಿದವನ ಕೆಲಸವೇ ಹೋಗಬಹುದು. ಅದಕ್ಕೇ ಆ ಸಾಲು ಸಾರಾಂಶದಲ್ಲಿ "ತಡವಾಯಿತು" ಅನ್ನುವ ಕಡೆಯೂ ಬರಬೇಕು, "ಪಂಚ್" ಅನ್ನುವ ಕಡೆಯೂ ಬರಬೇಕು, ದಪ್ಪ ಅಕ್ಷರದಲ್ಲಿ.

ಪ್ರತಿ ಸಂದರ್ಭಕ್ಕೂ ಐದು ಪ್ರಶ್ನೆ

ಸಂದರ್ಭಗಳ ಕೆಳಗೆ ನಿಯಮಗಳನ್ನು ಸೇರಿಸಿದ ಮೇಲೆ ಪ್ರತಿಯೊಂದಕ್ಕೂ ಐದು ಪ್ರಶ್ನೆ ಕೇಳಿಕೊಳ್ಳಿ. ಯಾರಿಗೆ ಹೇಳಬೇಕು? ಎಷ್ಟು ಹೊತ್ತಿನೊಳಗೆ? ಹೇಗೆ, ಅಂದರೆ ಫೋನಾ, ಮೆಸೇಜಾ, ಫಾರಮ್ಮಾ? ಯಾವ ಕಾಗದ ಬೇಕು? ತಪ್ಪಿದರೆ ಏನಾಗುತ್ತದೆ? ಐದಕ್ಕೂ ಉತ್ತರ ಸಿಕ್ಕರೆ ಆ ಸಂದರ್ಭ ಬರೆಯಲು ಸಿದ್ಧ. ಸಿಗದಿದ್ದರೆ ಊಹೆ ಮಾಡಿ ತುಂಬಬೇಡಿ, ಹೋಗಿ ಕೇಳಿ.

"2 ಗಂಟೆ ಮೊದಲು ತಿಳಿಸಬೇಕು" ಅನ್ನುವ ನಿಯಮವನ್ನೇ ನೋಡಿ. ಓದುವಾಗ ಸರಳವಾಗಿಯೇ ಕಾಣುತ್ತದೆ. ಆದರೆ ಮೊದಲ ಪಾಳಿ ಬೆಳಗ್ಗೆ 6ಕ್ಕೆ ಶುರು. ಅಂದರೆ 4 ಗಂಟೆಗೆ ಫೋನ್ ಮಾಡಬೇಕು. ಆ ಹೊತ್ತಿನಲ್ಲಿ ಮೇಲ್ವಿಚಾರಕರು ಫೋನ್ ಎತ್ತದಿದ್ದರೆ? ನಮ್ಮ ಪುಸ್ತಕದಲ್ಲಿ ಉತ್ತರ ಇರಲಿಲ್ಲ. ಕೇಳಿದಾಗ ಗೊತ್ತಾಯಿತು, ಗೇಟಿನ ಸೆಕ್ಯುರಿಟಿ ಕೊಠಡಿಯಲ್ಲಿ ಒಂದು ರಿಜಿಸ್ಟರ್ ಇದೆ, ಅಲ್ಲಿಗೆ ಫೋನ್ ಮಾಡಿ ಹೆಸರು, ಟೋಕನ್ ನಂಬರ್ ಹೇಳಿದರೆ ಬರೆದುಕೊಳ್ಳುತ್ತಾರೆ, ಅದು ಲೆಕ್ಕಕ್ಕೆ ಬರುತ್ತದೆ. ಹಳಬರಿಗೆಲ್ಲ ಇದು ಗೊತ್ತಿತ್ತು, ಪುಸ್ತಕದಲ್ಲಿ ಮಾತ್ರ ಇರಲಿಲ್ಲ. ಈಗ ನಾನು ಬರೆಯುವ ಪ್ರತಿ ಹಾಳೆಯಲ್ಲೂ ಗೇಟಿನ ಫೋನ್ ನಂಬರ್ ಮೇಲ್ವಿಚಾರಕರ ನಂಬರಿನ ಕೆಳಗೇ ಇರುತ್ತದೆ. ಆದರೆ ಇಂಥ ಬಾಯಿಮಾತಿನ ಪದ್ಧತಿಯನ್ನು ಹಾಳೆಗೆ ಹಾಕುವ ಮೊದಲು ಸಿಬ್ಬಂದಿ ವಿಭಾಗದಿಂದ ಒಪ್ಪಿಗೆ ತೆಗೆದುಕೊಳ್ಳಿ. ನಾಳೆ ಯಾರಾದರೂ "ಪುಸ್ತಕದಲ್ಲಿ ಹಾಗಿಲ್ಲವಲ್ಲ" ಅಂದರೆ ಕಷ್ಟಕ್ಕೆ ಸಿಕ್ಕುವುದು ಕೆಲಸಗಾರ.

ರಾತ್ರಿ ಪಾಳಿ ಇನ್ನೊಂದು ಮುಳ್ಳು. 14ನೇ ತಾರೀಕು ರಾತ್ರಿ 10ಕ್ಕೆ ಶುರುವಾಗಿ 15ರ ಬೆಳಗ್ಗೆ 6ಕ್ಕೆ ಮುಗಿಯುವ ಪಾಳಿ ಯಾವ ದಿನದ್ದು? ನಮ್ಮಲ್ಲಿ ಶುರುವಾದ ದಿನದ್ದು, ಅಂದರೆ 14ರದ್ದು. ಹೊಸಬರು ಅರ್ಜಿಯಲ್ಲಿ 15 ಅಂತ ಬರೆಯುತ್ತಾರೆ. ಆಗ 14 ಮಾಹಿತಿಯಿಲ್ಲದ ಗೈರಾಗುತ್ತದೆ, 15ಕ್ಕೆ ಬೇಡದ ರಜೆ ಬೀಳುತ್ತದೆ. ಎರಡು ಸಾಲಿನಲ್ಲಿ ಇದನ್ನು ಉದಾಹರಣೆ ಸಮೇತ ಬರೆದರೆ ಸಾಕು. ನಿಮ್ಮ ಕಡೆ ದಿನ ಎಣಿಸುವ ರೀತಿ ಬೇರೆ ಇರಬಹುದು, ಟೈಮ್ ಆಫೀಸಿನಲ್ಲಿ ಕೇಳಿಯೇ ಬರೆಯಿರಿ.

ಯಾವ ಪದಗಳನ್ನು ಮುಟ್ಟಬಾರದು

ಸುಲಭ ಮಾಡುತ್ತೇನೆ ಅಂತ ಹೊರಟಾಗ ಕೈ ಜಾರುವುದು ಇಲ್ಲೇ. ಭಾಷೆ ಬದಲಾಯಿಸಿ, ವಾಕ್ಯ ಒಡೆಯಿರಿ, ಆದರೆ ಕೆಲವು ಪದಗಳ ಅರ್ಥ ಒಂದು ಕೂದಲಿನಷ್ಟೂ ಅಲುಗಾಡಬಾರದು.

"ಮಾಡಬಹುದು" ಮತ್ತು "ಮಾಡಲಾಗುವುದು" ಬೇರೆ. "ಮೇಲ್ವಿಚಾರಕರು ರಜೆ ಮಂಜೂರು ಮಾಡಬಹುದು" ಅಂತ ಇರುವುದನ್ನು "ರಜೆ ಸಿಗುತ್ತದೆ" ಅಂತ ಬರೆದರೆ ನೀವು ಇಲ್ಲದ ಹಕ್ಕನ್ನು ಕೊಟ್ಟ ಹಾಗೆ. ಹಾಗೇ "ಕೆಲಸದಿಂದ ತೆಗೆಯಬಹುದು" ಅಂತ ಇರುವುದನ್ನು "ತೆಗೆಯುತ್ತಾರೆ" ಅಂತ ಬರೆದರೆ ಸುಮ್ನೆ ಹೆದರಿಸಿದ ಹಾಗೆ. ಹೆದರಿದ ಹೊಸಬರು ತಪ್ಪಾದಾಗ ಬಂದು ಹೇಳುವುದಿಲ್ಲ, ಮುಚ್ಚಿಡುತ್ತಾರೆ. ಯಂತ್ರದ ಹತ್ತಿರ ಅದು ಅಪಾಯ.

"ದಿನ" ಅನ್ನುವ ಪದವನ್ನೂ ನಂಬಬೇಡಿ. ಕೆಲಸದ ದಿನವೋ, ಕ್ಯಾಲೆಂಡರ್ ದಿನವೋ? "2 ದಿನಕ್ಕಿಂತ ಹೆಚ್ಚು ಕಾಯಿಲೆ ರಜೆಗೆ ವೈದ್ಯರ ಪತ್ರ ಬೇಕು" ಅಂದರೆ ಶನಿವಾರ, ಸೋಮವಾರ ರಜೆ ಹಾಕಿದವನಿಗೆ ಎರಡು ದಿನವೋ, ಭಾನುವಾರ ಸೇರಿ ಮೂರು ದಿನವೋ? ಎರಡಾದರೆ ಪತ್ರ ಬೇಡ, ಮೂರಾದರೆ ಬೇಕು. ಇದನ್ನು ಕೇಳದೆ ಬರೆಯಲು ಸಾಧ್ಯವೇ ಇಲ್ಲ, ಅಲ್ವಾ? "ಸತತ" ಅನ್ನುವ ಪದವೂ ಹಾಗೇ. "ಸತತ 8 ದಿನ ಅನುಮತಿಯಿಲ್ಲದೆ ಗೈರಾದರೆ ಕೆಲಸ ಬಿಟ್ಟಂತೆ ಪರಿಗಣಿಸಬಹುದು" ಅನ್ನುವುದರಲ್ಲಿ "ಸತತ" ಬಿಟ್ಟರೆ, ವರ್ಷದಲ್ಲಿ ಒಟ್ಟು 8 ದಿನ ಅಂತ ಅರ್ಥವಾಗುತ್ತದೆ. "ಮತ್ತು", "ಅಥವಾ" ಇವೆರಡನ್ನು ಅದಲು ಬದಲು ಮಾಡಿದರೆ ನಿಯಮವೇ ತಲೆಕೆಳಗು. ಅಂಕಿಗಳನ್ನಂತೂ ಇದ್ದ ಹಾಗೇ ಅಂಕಿಯಲ್ಲೇ ಬರೆಯಿರಿ, "ಕೆಲವು ದಿನ", "ಸ್ವಲ್ಪ ಮೊದಲು" ಅಂತ ತೇಲಿಸಬೇಡಿ.

ರಜೆಯ ಲೆಕ್ಕ: ಖಾತೆಯಲ್ಲಿರುವುದು, ಕೈಗೆ ಸಿಗುವುದು

ರಜೆ ವಿಷಯದಲ್ಲಿ ಹೊಸಬರಿಗೆ ಆಗುವ ದೊಡ್ಡ ತಪ್ಪು ತಿಳುವಳಿಕೆ ಒಂದೇ: ವರ್ಷಕ್ಕೆ ಇಷ್ಟು ಅಂದರೆ ಇವತ್ತೇ ಅಷ್ಟೂ ಇದೆ ಅಂದುಕೊಳ್ಳುವುದು. ಗಳಿಕೆ ರಜೆ ಹಾಗಲ್ಲ, ಅದು ಕೆಲಸ ಮಾಡಿದ ಹಾಗೆ ಬೆಳೆಯುತ್ತದೆ. ನಮ್ಮ ಉದಾಹರಣೆಯ ಕೈಪಿಡಿಯಲ್ಲಿ ಕೆಲಸ ಮಾಡಿದ ಪ್ರತಿ 20 ದಿನಕ್ಕೆ 1 ದಿನ. ಮೂರು ತಿಂಗಳಲ್ಲಿ 72 ದಿನ ಕೆಲಸ ಮಾಡಿದ್ದರೆ 60ಕ್ಕೆ 3 ದಿನ ಸಿಗುತ್ತದೆ, ಉಳಿದ 12 ದಿನ ಮುಂದಿನ ಲೆಕ್ಕಕ್ಕೆ ಹೋಗುತ್ತದೆ. ಗೈರಾದ ದಿನ ಈ 72ರಲ್ಲಿ ಸೇರುವುದಿಲ್ಲ, ಅಂದರೆ ಗೈರಾದರೆ ಆ ದಿನದ ಸಂಬಳದ ಜೊತೆ ಮುಂದಿನ ರಜೆಯೂ ಸ್ವಲ್ಪ ದೂರ ಹೋಗುತ್ತದೆ.

ಆದರೆ ಆ 3 ದಿನ ಖಾತೆಯಲ್ಲಿದೆ ಅಷ್ಟೇ. ಅದೇ ಕೈಪಿಡಿಯ ಇನ್ನೊಂದು ಕಲಮಿನ ಪ್ರಕಾರ 6 ತಿಂಗಳ ಪ್ರೊಬೇಷನ್ ಮುಗಿಯುವವರೆಗೆ ಗಳಿಕೆ ರಜೆ ಬಳಸುವ ಹಾಗಿಲ್ಲ. ಹಾಗಾಗಿ ಮೂರನೇ ತಿಂಗಳಲ್ಲಿ ಮನೆಯಲ್ಲಿ ಕಾರ್ಯಕ್ರಮ ಬಂದರೆ ಅವನ ಕೈಯಲ್ಲಿರುವುದು ಏನು? ಆಕಸ್ಮಿಕ ರಜೆ ಮಾತ್ರ, ಅದೂ ತಿಂಗಳಿಗೆ ಅರ್ಧ ದಿನದ ಲೆಕ್ಕದಲ್ಲಿ ಕೂಡಿದ್ದು, ಅಂದರೆ ಒಂದೂವರೆ ದಿನ. ಅದಕ್ಕಿಂತ ಜಾಸ್ತಿ ಬೇಕಾದರೆ ಮೊದಲೇ ಕೇಳಿ ಸಂಬಳವಿಲ್ಲದ ರಜೆ ಪಡೆಯಬೇಕು. ಸಂಬಳವಿಲ್ಲದ ರಜೆಗೂ ಗೈರಿಗೂ ಜೇಬಿನ ಮಟ್ಟದಲ್ಲಿ ವ್ಯತ್ಯಾಸ ಇಲ್ಲ, ಎರಡರಲ್ಲೂ ದುಡ್ಡು ಬರುವುದಿಲ್ಲ. ದಾಖಲೆಯಲ್ಲಿ ಮಾತ್ರ ಆಕಾಶ ಭೂಮಿಯ ವ್ಯತ್ಯಾಸ. ಒಂದು ಅನುಮತಿ, ಇನ್ನೊಂದು ತಪ್ಪು. ಈ ಮಾತನ್ನು ನಾನು ಯಾವ ಸಾರಾಂಶದಲ್ಲೂ ಬಿಡುವುದಿಲ್ಲ. "ಹೇಗೂ ಸಂಬಳ ಹಿಡೀತಾರೆ, ಹೇಳದೆ ಉಳಿದರೂ ಅಷ್ಟೇ ತಾನೇ" ಅಂತ ಅಂದುಕೊಂಡು ಎಚ್ಚರಿಕೆ ಪತ್ರ ತೆಗೆದುಕೊಂಡವರನ್ನು ನೋಡಿದ್ದೇನೆ.

ಇದನ್ನು ಹಾಳೆಯಲ್ಲಿ ಪುಟ್ಟ ಕೋಷ್ಟಕ ಮಾಡಿ ಕೊಡಿ. ಪ್ರತಿ ರಜೆಯ ಮುಂದೆ ಎರಡು ಮನೆ: "ಯಾವಾಗಿನಿಂದ ಕೂಡುತ್ತದೆ", "ಯಾವಾಗಿನಿಂದ ಬಳಸಬಹುದು". ಇವೆರಡೇ ಸಾಕು. ಉಳಿದ ರಜೆ ಮುಂದಿನ ವರ್ಷಕ್ಕೆ ಹೋಗುತ್ತದೋ, ದುಡ್ಡಾಗುತ್ತದೋ ಅನ್ನುವುದೆಲ್ಲ ಹೊಸಬರಿಗೆ ಮೊದಲ ದಿನ ಬೇಕಿಲ್ಲ. ಪುಟ ಸಂಖ್ಯೆ ಕೊಟ್ಟು ಬಿಡಿ.

ಇನ್ನೊಂದು ಸಾಲು: ಅರ್ಜಿ ಕೊಟ್ಟಿದ್ದೇ ಮಂಜೂರಾತಿ ಅಲ್ಲ. ಸಹಿಯಾದ ಅರ್ಜಿಯ ಪ್ರತಿ ಅಥವಾ ಆ್ಯಪಿನಲ್ಲಿ ಮಂಜೂರಾದ ಗುರುತು ನೋಡಿಯೇ ಹೊರಡಬೇಕು.

ತಡ ಮತ್ತು ಪಂಚ್: ಒಂದು ತಿಂಗಳನ್ನು ಎಣಿಸಿ ನೋಡೋಣ

ಕೈಪಿಡಿಯ ಸಾಲು ಹೀಗಿತ್ತು: "10 ನಿಮಿಷದ ವಿನಾಯಿತಿ ಸಮಯವನ್ನು ಒಂದು ತಿಂಗಳಲ್ಲಿ ಮೂರು ಬಾರಿಗಿಂತ ಹೆಚ್ಚು ಬಳಸಿದಲ್ಲಿ ಪ್ರತಿ ಹೆಚ್ಚುವರಿ ಬಾರಿಗೆ ಅರ್ಧ ದಿನದ ವೇತನ ಕಡಿತಗೊಳಿಸಲಾಗುವುದು. 10 ನಿಮಿಷ ಮೀರಿದಲ್ಲಿ ಅರ್ಧ ದಿನ." ನನ್ನ ಹಳೆಯ ಸಾರಾಂಶದಲ್ಲಿ ಇದು "10 ನಿಮಿಷ ತಡವಾದರೆ ಪರವಾಗಿಲ್ಲ" ಅಂತ ಆಗಿತ್ತು. ಎಷ್ಟು ದೊಡ್ಡ ತಪ್ಪು ನೋಡಿ.

ಸರಿಯಾಗಿ ಹೇಳಬೇಕಾದರೆ ಒಬ್ಬರ ತಿಂಗಳನ್ನು ಎಣಿಸಿ ತೋರಿಸಬೇಕು. ಪಾಳಿ 6:00ಕ್ಕೆ. 3ನೇ ತಾರೀಕು 6:04ಕ್ಕೆ ಪಂಚ್, ಒಂದು. 9ಕ್ಕೆ 6:08, ಎರಡು. 17ಕ್ಕೆ 6:02, ಮೂರು. ಇಲ್ಲಿವರೆಗೆ ಕಡಿತ ಇಲ್ಲ. 24ಕ್ಕೆ 6:03, ನಾಲ್ಕನೆಯದು, ಅರ್ಧ ದಿನ ಹೋಯಿತು. 28ಕ್ಕೆ 6:14, ಇದು ವಿನಾಯಿತಿಯನ್ನೇ ದಾಟಿದ್ದರಿಂದ ಎಷ್ಟನೇ ಸಲ ಅಂತ ಎಣಿಸುವುದೇ ಬೇಡ, ನೇರವಾಗಿ ಅರ್ಧ ದಿನ. ಒಟ್ಟು ತಡವಾದದ್ದು 31 ನಿಮಿಷ, ಹೋದದ್ದು ಒಂದು ದಿನದ ಸಂಬಳ. ಹೀಗೆ ಎಣಿಸಿ ತೋರಿಸಿದಾಗ 2 ನಿಮಿಷವೂ ಒಂದು ಸಲ ಅಂತ ಲೆಕ್ಕ ಅನ್ನುವುದು ತಲೆಗೆ ಹೋಗುತ್ತದೆ. ನಿಯಮವನ್ನು ಹತ್ತು ಸಲ ಓದಿಸಿದರೂ ಅಷ್ಟು ಹೋಗುವುದಿಲ್ಲ. ಇಂಥ ಕಡಿತಕ್ಕೆ ಕೆಲವು ಕಡೆ ಕಾನೂನಿನ ಮಿತಿಯೂ ಇರುತ್ತದೆ, ಆದ್ದರಿಂದ ತಡವಾದ ನಿಮಿಷಕ್ಕಿಂತ ಕಡಿತ ತುಂಬಾ ಜಾಸ್ತಿ ಅನ್ನಿಸಿದರೆ ಹಾಳೆಗೆ ಹಾಕುವ ಮೊದಲು ಸಿಬ್ಬಂದಿ ವಿಭಾಗವನ್ನು ಕೇಳುವುದು ಒಳ್ಳೆಯದು.

ಪಂಚ್ ಎಲ್ಲಿ ಅನ್ನುವುದೂ ಮುಖ್ಯ. ಗೇಟಿನಲ್ಲಿ 5:57ಕ್ಕೆ ಪಂಚ್ ಮಾಡಿ, ಬಟ್ಟೆ ಬದಲಿಸಿ, ಸುರಕ್ಷಾ ಬೂಟು ಹಾಕಿಕೊಂಡು ಲೈನಿಗೆ ಬರುವಷ್ಟರಲ್ಲಿ 6:10 ಆಗಿರುತ್ತದೆ. ಹಿಂದಿನ ಪಾಳಿಯವರು ಯಂತ್ರ ಒಪ್ಪಿಸಲು ಕಾಯುತ್ತಾ ನಿಂತಿರುತ್ತಾರೆ. ಪಂಚ್ ಪ್ರಕಾರ ತಡ ಇಲ್ಲ, ಆದರೆ ಮೇಲ್ವಿಚಾರಕರ ಪುಸ್ತಕದಲ್ಲಿ "ಜಾಗದಲ್ಲಿ ಇರಲಿಲ್ಲ" ಅಂತ ಬೀಳುತ್ತದೆ. ನಿಮ್ಮ ಕೈಪಿಡಿ ಗೇಟಿನ ಸಮಯ ನೋಡುತ್ತದೋ, ಲೈನಿನ ಸಮಯ ನೋಡುತ್ತದೋ, ಅದನ್ನು ಸ್ಪಷ್ಟ ಮಾಡಿ.

ಪಂಚ್ ತಪ್ಪಿದರೆ ಆ ದಿನ ಇಡೀ ಕೆಲಸ ಮಾಡಿದ್ದರೂ ಯಂತ್ರದ ಪ್ರಕಾರ ನೀವು ಬಂದೇ ಇಲ್ಲ. ತಿದ್ದುಪಡಿ ಫಾರಂ ತುಂಬಿ ಮೇಲ್ವಿಚಾರಕರ ಸಹಿ ಹಾಕಿಸಿ 48 ಗಂಟೆಯೊಳಗೆ ಟೈಮ್ ಆಫೀಸಿಗೆ ಕೊಡಬೇಕು. ಒಳಗೆ ಬರುವಾಗಿನಷ್ಟೇ ಹೊರಗೆ ಹೋಗುವಾಗಿನ ಪಂಚೂ ಮುಖ್ಯ. ಓಟಿ ಮಾಡಿದ ದಿನ ಅದು ತಪ್ಪಿದರೆ ಓಟಿಯ ದುಡ್ಡಿಗೂ ತೊಂದರೆ.

ನಡತೆ ನಿಯಮ: 40 ಸಾಲನ್ನು ಮೂರು ಗುಂಪಿಗೆ

ನಡತೆ ಅಧ್ಯಾಯ ಸಾಮಾನ್ಯವಾಗಿ ಉದ್ದನೆಯ ಪಟ್ಟಿ. ಅಲ್ಲಿ ಸಮವಸ್ತ್ರ ಇಲ್ಲದೆ ಬರುವುದೂ, ಹೊಡೆದಾಟವೂ ಒಂದರ ಕೆಳಗೊಂದು ಒಂದೇ ಗಾತ್ರದ ಅಕ್ಷರದಲ್ಲಿ ಇರುತ್ತವೆ. ಪೂರ್ತಿ ಪಟ್ಟಿಯನ್ನು ನಕಲು ಮಾಡಿದರೆ ಯಾರೂ ಓದುವುದಿಲ್ಲ. ಮೂರು ಗುಂಪು ಮಾಡಿ.

ಮೊದಲ ಗುಂಪು, ಒಂದೇ ಸಲಕ್ಕೆ ಕೆಲಸಕ್ಕೆ ಕುತ್ತು ತರಬಹುದಾದವು. ಕುಡಿದು ಬರುವುದು, ಹೊಡೆದಾಟ, ಕಳ್ಳತನ, ಬೇರೆಯವರ ಪಂಚ್, ನಿಷೇಧಿತ ಜಾಗದಲ್ಲಿ ಬೀಡಿ ಸಿಗರೇಟು, ಲೈಂಗಿಕ ಕಿರುಕುಳ, ಮತ್ತು ಯಂತ್ರದ ಗಾರ್ಡ್ ತೆಗೆಯುವುದು ಅಥವಾ ಸೆನ್ಸರ್‌ಗೆ ಟೇಪ್ ಸುತ್ತಿ ಓಡಿಸುವುದು. ಕೊನೆಯದರ ಬಗ್ಗೆ ಎರಡು ಸಾಲು ಜಾಸ್ತಿ ಬರೆಯಿರಿ. ಯಾಕೆಂದರೆ ಹೊಸಬರಿಗೆ ಇದನ್ನು ಕಲಿಸುವವರು ಹಳಬರೇ, "ಹೀಗೆ ಮಾಡಿದರೆ ಬೇಗ ಆಗುತ್ತೆ" ಅಂತ. ಕಲಿಸಿದವರು ಯಾರೇ ಆಗಲಿ, ಅಲ್ಲಿ ಬೆರಳು ಇಟ್ಟು ಕೆಲಸ ಮಾಡುವವನು ಹೊಸಬ. ಗಾರ್ಡ್ ತೆಗೆಯಲು ಯಾರಾದರೂ ಹೇಳಿದರೆ ಯಾರ ಹತ್ತಿರ ಹೋಗಬೇಕು ಅನ್ನುವ ಹೆಸರನ್ನೂ ಅಲ್ಲೇ ಹಾಕಿ.

ಎರಡನೇ ಗುಂಪು, ಮೆಟ್ಟಿಲು ಮೆಟ್ಟಿಲಾಗಿ ಹೋಗುವವು: ಪದೇ ಪದೇ ತಡ, ಮಾಹಿತಿಯಿಲ್ಲದ ಗೈರು, ಲೈನಿನಲ್ಲಿ ಮೊಬೈಲ್, ಗೇಟ್ ಪಾಸ್ ಇಲ್ಲದೆ ಹೊರಗೆ ಹೋಗುವುದು. ಮೊದಲು ಬಾಯಿಮಾತು, ಆಮೇಲೆ ಪತ್ರ, ಆಮೇಲೆ ಅಮಾನತು, ಹೀಗೆ. ಇಲ್ಲಿ ಮುಖ್ಯವಾಗಿ ಹೇಳಬೇಕಾದದ್ದು ಒಂದು ಎಚ್ಚರಿಕೆ ಎಷ್ಟು ಕಾಲ ಲೆಕ್ಕದಲ್ಲಿ ಇರುತ್ತದೆ ಅನ್ನುವುದು, ಮತ್ತು ಪ್ರೊಬೇಷನ್ ಮುಗಿಸುವಾಗ ಅದನ್ನು ನೋಡುತ್ತಾರೋ ಇಲ್ಲವೋ ಅನ್ನುವುದು.

ಮೂರನೇ ಗುಂಪನ್ನು ಹೆಚ್ಚಿನ ಸಾರಾಂಶಗಳು ಬಿಟ್ಟೇಬಿಡುತ್ತವೆ: ಕೆಲಸಗಾರನನ್ನು ಕಾಯುವ ನಿಯಮಗಳು. ನೋಟಿಸ್ ಬಂದರೆ ಉತ್ತರ ಕೊಡಲು ಎಷ್ಟು ದಿನ ಇದೆ, ವಿಚಾರಣೆಗೆ ಜೊತೆಯಲ್ಲಿ ಯಾರನ್ನು ಕರೆದುಕೊಂಡು ಹೋಗಬಹುದು, ಕಿರುಕುಳವಾದರೆ ಯಾವ ಸಮಿತಿಗೆ ದೂರು ಕೊಡಬೇಕು. ಇವು ಕಂಪನಿಯ ಉಪಕಾರ ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1982ರ 158ನೇ ಒಡಂಬಡಿಕೆ, ನಡತೆಯ ಕಾರಣಕ್ಕೆ ಒಬ್ಬರನ್ನು ಕೆಲಸದಿಂದ ತೆಗೆಯುವ ಮೊದಲು ಆರೋಪಕ್ಕೆ ಉತ್ತರ ಕೊಡುವ ಅವಕಾಶ ಇರಬೇಕು ಅನ್ನುತ್ತದೆ. ಎಲ್ಲ ದೇಶಗಳೂ ಅದಕ್ಕೆ ಸಹಿ ಹಾಕಿಲ್ಲ, ಆದರೂ ನಿಮ್ಮ ಕೈಪಿಡಿಯಲ್ಲಿ ಇಂಥ ಕಲಮು ಇದ್ದರೆ ಅದು ಸಾರಾಂಶದಲ್ಲಿ ಇರಲೇಬೇಕು. ಶಿಕ್ಷೆಯ ಪಟ್ಟಿ ಮಾತ್ರ ಕೊಟ್ಟು ಇದನ್ನು ಬಿಟ್ಟರೆ ಅರ್ಧ ಪುಸ್ತಕ ಮುಚ್ಚಿಟ್ಟ ಹಾಗೆ. ನೋಟಿಸ್ ಕೈಗೆ ಬಂದ ಹೊಸಬರು ಹೆದರಿ ಸಹಿ ಮಾಡಿ ಸುಮ್ಮನಾಗುತ್ತಾರೆ. ನಿಮ್ಮಲ್ಲಿ ನಿಯಮ ಅನುಮತಿಸಿದರೆ ಈ ಸಾಲು ಸೇರಿಸಿ: "ಪತ್ರ ತೆಗೆದುಕೊಂಡೆ ಅಂತ ಸಹಿ ಮಾಡುವುದು, ತಪ್ಪು ಒಪ್ಪಿಕೊಂಡ ಹಾಗಲ್ಲ. ಏನು ಬರೆದಿದೆ ಅಂತ ಓದಿ ಸಹಿ ಮಾಡಿ, ಒಂದು ಪ್ರತಿ ಇಟ್ಟುಕೊಳ್ಳಿ."

ಬರೆದು ನೋಡೋಣ

ಮೇಲಿನ ಜ್ವರದ ಹುಡುಗನ ಸಂದರ್ಭ ಹೊಸ ಹಾಳೆಯಲ್ಲಿ ಹೀಗಿದೆ.

"ಇದ್ದಕ್ಕಿದ್ದ ಹಾಗೆ ಬರಲಾಗದಿದ್ದರೆ: ಪಾಳಿಗೆ 2 ಗಂಟೆ ಮೊದಲು ನೀವೇ ಅಥವಾ ಮನೆಯವರು ಮೇಲ್ವಿಚಾರಕರಿಗೆ ಫೋನ್ ಮಾಡಿ. ಅವರು ಎತ್ತದಿದ್ದರೆ ಗೇಟಿಗೆ ಮಾಡಿ, ಹೆಸರು ಮತ್ತು ಟೋಕನ್ ನಂಬರ್ ಬರೆಸಿ. ಗೆಳೆಯನಿಗೆ ಹೇಳಿದರೆ ಹೇಳಿದ ಹಾಗಲ್ಲ. ಮರುದಿನವೂ ಬರಲಾಗದಿದ್ದರೆ ಮತ್ತೆ ಫೋನ್ ಮಾಡಿ. ವಾಪಸ್ ಬಂದ ದಿನವೇ ರಜೆ ಫಾರಂ ಕೊಡಿ. 2 ದಿನಕ್ಕಿಂತ ಹೆಚ್ಚಾದರೆ ವೈದ್ಯರ ಪತ್ರ ಬೇಕು, ಮಾತ್ರೆಯ ಪಟ್ಟಿ ಸಾಲದು. ಫೋನ್ ಮಾಡದಿದ್ದರೆ ಅದು ಗೈರು: ಸಂಬಳ ಇಲ್ಲ, ಎಚ್ಚರಿಕೆ ಪತ್ರ ಬರಬಹುದು. ವಾರದ ರಜೆಯ ಹಿಂದೆ ಮುಂದೆ ಎರಡೂ ದಿನ ಹೀಗೆ ಗೈರಾದರೆ ನಡುವಿನ ರಜೆಯ ಸಂಬಳವೂ ಹೋಗುತ್ತದೆ. (ಪುಟ 14, 22, 31)"

ಹಳೆಯ ಹಾಳೆಯ ಒಂದು ಸಾಲು ಇಲ್ಲಿ ಎಂಟು ವಾಕ್ಯ ಆಗಿದೆ. ಆಗಲಿ. ಸ್ಥಾಪಕರ ಮಾತು, ಕಂಪನಿಯ ಇತಿಹಾಸ, ಉದ್ದನೆಯ ವ್ಯಾಖ್ಯೆಗಳನ್ನು ಕತ್ತರಿಸಿ ಈ ಜಾಗ ಸಂಪಾದಿಸಿ. ಮರುದಿನವೂ ಫೋನ್ ಮಾಡಬೇಕು ಅನ್ನುವ ವಾಕ್ಯ ಪುಸ್ತಕದಲ್ಲಿ ನೇರವಾಗಿ ಇರಲಿಲ್ಲ, "ಪ್ರತಿ ಪಾಳಿಗೆ" ಅನ್ನುವ ಎರಡು ಪದದೊಳಗೆ ಇತ್ತು. ಹುಡುಗ ಶನಿವಾರ ಸರಿಯಾಗಿ ಫೋನ್ ಮಾಡಿದ್ದರೂ ಸೋಮವಾರ ಸಿಕ್ಕಿಬೀಳುತ್ತಿದ್ದ. ಆವರಣದಲ್ಲಿ ಪುಟ ಸಂಖ್ಯೆ ಯಾಕೆ ಅಂದರೆ, ವಿವಾದ ಬಂದಾಗ ನಡೆಯುವುದು ಕೈಪಿಡಿಯ ಮಾತು, ನಿಮ್ಮ ಹಾಳೆಯದ್ದಲ್ಲ. ಆ ಮಾತನ್ನೂ ಕೆಳಗೆ ಬರೆಯಿರಿ, ಜೊತೆಗೆ ಯಾವ ತಾರೀಕಿನ ಕೈಪಿಡಿಯಿಂದ ಮಾಡಿದ್ದು ಅಂತ.

ಹಂಚುವ ಮೊದಲು ಒಬ್ಬರ ಮೇಲೆ ಪರೀಕ್ಷೆ

"ಅರ್ಥ ಆಯ್ತಾ?" ಅಂತ ಕೇಳಬೇಡಿ. ಹೊಸಬರು "ಆಯ್ತು ಸಾರ್" ಅಂತಲೇ ಹೇಳುತ್ತಾರೆ. ಕಳೆದ ವಾರ ಸೇರಿದ ಒಬ್ಬರನ್ನು ಕೂರಿಸಿ, ಹಾಳೆ ಕೈಗೆ ಕೊಟ್ಟು, ಘಟನೆ ಹೇಳಿ ಉತ್ತರ ಹುಡುಕಲು ಬಿಡಿ. "ನಿಮಗೆ ಇವತ್ತು ರಾತ್ರಿ ಪಾಳಿ, ಸಂಜೆ 7ಕ್ಕೆ ಮನೆಯಿಂದ ಕರೆ ಬಂತು, ಊರಿಗೆ ಹೋಗಬೇಕು. ಎಷ್ಟು ಗಂಟೆಯೊಳಗೆ ಯಾರಿಗೆ ಹೇಳ್ತೀರಿ? ಫಾರಂನಲ್ಲಿ ಯಾವ ತಾರೀಕು ಬರೀತೀರಿ?" ಅವರು ಹಾಳೆಯಲ್ಲಿ ಬೆರಳಿಟ್ಟು ಹುಡುಕುವುದನ್ನು ಸುಮ್ಮನೆ ನೋಡುತ್ತಾ ಕೂತಿರಿ. ಬೆರಳು ಎಲ್ಲಿ ನಿಲ್ಲುತ್ತದೋ ಅಲ್ಲಿ ನಿಮ್ಮ ಬರವಣಿಗೆ ತೊಡಕಾಗಿದೆ.

ಹೀಗೆ ಒಮ್ಮೆ ಕೇಳಿದಾಗ ಹೊಲಿಗೆ ವಿಭಾಗದ ಒಬ್ಬ ಹೆಣ್ಣುಮಗಳು ಎಲ್ಲಕ್ಕೂ ಸರಿಯಾಗಿ ಉತ್ತರ ಹೇಳಿ, ಕೊನೆಗೆ ಮೆಲ್ಲಗೆ ಕೇಳಿದರು: "ಸಾರ್, ನನ್ನ ಫೋನಲ್ಲಿ ದುಡ್ಡಿಲ್ಲದಿದ್ದರೆ ಮೆಸೇಜೂ ಹೋಗಲ್ಲ, ಆಗ ಪಕ್ಕದ ಮನೆಯವರ ಫೋನಿಂದ ಮಾಡಿದರೆ ಲೆಕ್ಕಕ್ಕೆ ಬರುತ್ತಾ?" ನನಗೆ ಗೊತ್ತಿರಲಿಲ್ಲ. ಟೈಮ್ ಆಫೀಸಿಗೆ ಹೋಗಿ ಕೇಳಿದೆ. ಯಾರ ಫೋನಾದರೂ ಸರಿ, ಟೋಕನ್ ನಂಬರ್ ಸರಿಯಾಗಿ ಹೇಳಿದರೆ ಸಾಕು ಅಂದರು. ಟೋಕನ್ ನಂಬರ್ ಮನೆಯವರಿಗೂ ಗೊತ್ತಿರಲಿ ಅಂತ ಹಾಳೆಯ ಮೇಲ್ಭಾಗದಲ್ಲಿ ಒಂದು ಖಾಲಿ ಚೌಕ ಬಿಟ್ಟೆವು. ಸೇರಿದ ದಿನವೇ ಅವರ ಕೈಯಿಂದಲೇ ಅದರಲ್ಲಿ ನಂಬರ್ ಬರೆಸಿ, ಒಂದು ಪ್ರತಿ ಜೇಬಿಗೆ, ಒಂದು ಪ್ರತಿ ಮನೆಗೆ ಅಂತ ಎರಡು ಹಾಳೆ ಕೊಡುತ್ತೇವೆ.